ತಪ್ಪು ಉತ್ತರ ಹೇಳುವ ಕಥೆ: ಬೀಜಗಣಿತದ ಬಹು ಆಯ್ಕೆ ಪ್ರಶ್ನೆ

ಬಹು ಆಯ್ಕೆ ಪ್ರಶ್ನೆಯಲ್ಲಿ ಸರಿ ಉತ್ತರ ಒಂದು, ತಪ್ಪು ಉತ್ತರ ಸಾಮಾನ್ಯವಾಗಿ ಮೂರು. ಆ ಮೂರನ್ನೂ ಬಾಯಿಗೆ ಬಂದ ಸಂಖ್ಯೆಗಳಿಂದ ತುಂಬಿದರೆ ಮಗು ತಪ್ಪಿತು ಎಂಬುದಷ್ಟೇ ತಿಳಿಯುತ್ತದೆ, ಎಲ್ಲಿ ತಪ್ಪಿತು ಎಂಬುದು ತಿಳಿಯುವುದಿಲ್ಲ. ಬೀಜಗಣಿತದ ಮೊದಲ ಪಾಠಗಳಲ್ಲಿ ಇದು ದೊಡ್ಡ ನಷ್ಟ. ಅಲ್ಲಿ ಮಕ್ಕಳು ಅನೇಕ ಸಲ ತಾವೇ ಕಟ್ಟಿಕೊಂಡ ನಿಯಮವೊಂದನ್ನು ಚಾಚೂ ತಪ್ಪದೆ ಪಾಲಿಸಿ ತಪ್ಪು ಉತ್ತರಕ್ಕೆ ಬರುತ್ತಾರೆ. x = 4 ಆದಾಗ 3x ಎಷ್ಟು ಎಂದು ಕೇಳಿದರೆ 34 ಎನ್ನುವ ಮಗು x ಇದ್ದ ಜಾಗದಲ್ಲಿ 4 ಅನ್ನು ಕೂರಿಸಿದೆ; 7 ಎನ್ನುವ ಮಗು ಎರಡನ್ನೂ ಕೂಡಿದೆ. ಎರಡೂ ತಪ್ಪೇ, ಆದರೆ ಎರಡಕ್ಕೂ ಬೇಕಾದ ಪಾಠ ಬೇರೆ.

5 − 2(x − 3) ಎಂಬ ಬೀಜೋಕ್ತಿಯನ್ನು ಸರಳೀಕರಿಸುವ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. ಸರಿ ಉತ್ತರ 11 − 2x. ತಪ್ಪು ಆಯ್ಕೆಗಳನ್ನು ಬರೆಯುವ ಮೊದಲು ಇದನ್ನು ಆಯ್ಕೆಗಳಿಲ್ಲದೆ ತರಗತಿಗೆ ಕೊಡುವುದು ಒಳ್ಳೆಯದು. ನೋಟ್‌ಬುಕ್‌ಗಳಲ್ಲಿ ಸಿಗುವ ತಪ್ಪುಗಳು ಮೇಜಿನ ಮುಂದೆ ಕೂತು ಊಹಿಸಿದವುಗಳಿಗಿಂತ ನಂಬಿಕೆಗೆ ಅರ್ಹ. ಈ ಲೆಕ್ಕದಲ್ಲಿ ಮುಖ್ಯವಾಗಿ ಮೂರು ಅಡ್ಡದಾರಿಗಳಿವೆ. ಆವರಣದ ಒಳಗಿನ ಋಣ ಚಿಹ್ನೆಯನ್ನು ಮರೆತು 2 × 3 ಮಾತ್ರ ಮಾಡಿದವರಿಗೆ 5 − 2x − 6, ಅಂದರೆ −1 − 2x ಸಿಗುತ್ತದೆ. ಆವರಣದ ಮೊದಲ ಪದವನ್ನಷ್ಟೇ ಗುಣಿಸಿ ಎರಡನೆಯದನ್ನು ಹಾಗೇ ಇಳಿಸಿದವರಿಗೆ 5 − 2x − 3, ಅಂದರೆ 2 − 2x. ಎಡದಿಂದ ಬಲಕ್ಕೆ ಓದುತ್ತಾ ಮೊದಲು 5ರಲ್ಲಿ 2 ಕಳೆದುಬಿಟ್ಟವರಿಗೆ 3(x − 3), ಅಂದರೆ 3x − 9. ಈ ಮೂರೇ ತಪ್ಪು ಆಯ್ಕೆಗಳು. ಮೊದಲನೆಯದನ್ನು ಆರಿಸಿದ ಮಗುವಿಗೆ ಋಣ ಸಂಖ್ಯೆಗಳ ಗುಣಾಕಾರ ಬೇಕು, ಎರಡನೆಯದಕ್ಕೆ ವಿತರಣಾ ನಿಯಮ, ಮೂರನೆಯದಕ್ಕೆ ಕ್ರಿಯೆಗಳ ಕ್ರಮ.

ಪ್ರಶ್ನೆಯಲ್ಲಿ ಹಾಕುವ ಸಂಖ್ಯೆಗಳ ಆಯ್ಕೆಯೇ ಈ ಕೆಲಸದ ಅತಿ ಸೂಕ್ಷ್ಮ ಭಾಗ. ಇದೇ ಲೆಕ್ಕವನ್ನು ಸುಲಭ ಮಾಡೋಣವೆಂದು 7 − (x − 3) ಎಂದು ಬರೆದರೆ ಸರಿ ಉತ್ತರ 10 − x. ಚಿಹ್ನೆ ಮರೆತವರಿಗೂ 4 − x ಬರುತ್ತದೆ, ಮೊದಲ ಪದಕ್ಕೆ ಮಾತ್ರ ಋಣ ಚಿಹ್ನೆ ಕೊಟ್ಟವರಿಗೂ 4 − x ಬರುತ್ತದೆ. ಆವರಣದ ಮುಂದೆ 2 ಇದ್ದದ್ದರಿಂದಲೇ ಮೊದಲಿನ ಪ್ರಶ್ನೆಯಲ್ಲಿ ಈ ಎರಡು ತಪ್ಪುಗಳು ಬೇರೆಬೇರೆಯಾಗಿ ಕಂಡವು. ಇನ್ನೂ ಕೆಟ್ಟದ್ದೆಂದರೆ ತಪ್ಪು ದಾರಿ ಸರಿ ಉತ್ತರಕ್ಕೇ ಮುಟ್ಟುವುದು. x = 2 ಆದಾಗ x² ಎಷ್ಟು ಎಂದು ಕೇಳಿದರೆ, ವರ್ಗವೆಂದರೆ ಎರಡರಿಂದ ಗುಣಿಸುವುದು ಎಂದುಕೊಂಡ ಮಗುವಿಗೂ 4 ಬಂದು ಪೂರ್ತಿ ಅಂಕ ಸಿಗುತ್ತದೆ. x = 3 ಎಂದಿದ್ದರೆ ಅದಕ್ಕೆ 6 ಬರುತ್ತಿತ್ತು, ಸರಿ ಉತ್ತರ 9 ಆಗಿರುತ್ತಿತ್ತು. ಹಾಗಾಗಿ ಪ್ರಶ್ನೆ ಬರೆದ ಮೇಲೆ ಶಿಕ್ಷಕರು ಪ್ರತಿಯೊಂದು ತಪ್ಪು ನಿಯಮವನ್ನೂ ತಾವೇ ಪಾಲಿಸಿ, ಉತ್ತರಗಳು ಬೇರೆಬೇರೆ ಬರುತ್ತವೆಯೇ ಎಂದು ನೋಡಬೇಕು.

ಬೆಲೆ ಆದೇಶಿಸಿ ತಾಳೆ ನೋಡುವಾಗಲೂ ಇದೇ ಎಚ್ಚರ ಬೇಕು. x = 4 ಎಂದು ಹಾಕಿದರೆ 11 − 2x ಕೂಡ 3, 3x − 9 ಕೂಡ 3; ತಪ್ಪು ಉತ್ತರ ಸರಿಯೆಂದೇ ಕಾಣುತ್ತದೆ. x = 1 ಹಾಕಿದರೆ ಬೀಜೋಕ್ತಿಯ ಬೆಲೆ 9. ನಾಲ್ಕು ಆಯ್ಕೆಗಳ ಬೆಲೆ ಕ್ರಮವಾಗಿ 9, −3, 0, −6 ಆಗಿ ಗುಟ್ಟು ಬಯಲಾಗುತ್ತದೆ.

ನಾಲ್ಕು ಆಯ್ಕೆಗಳಲ್ಲಿ ಎಲ್ಲ ತಪ್ಪುಗಳಿಗೂ ಜಾಗವಿಲ್ಲ. 11 − 2x ತನಕ ಸರಿಯಾಗಿ ಬಂದು, ಉತ್ತರ ಒಂದೇ ಪದವಾಗಿರಬೇಕೆಂಬ ಭಾವನೆಯಿಂದ ಅದನ್ನು 9x ಮಾಡುವ ಮಕ್ಕಳಿದ್ದಾರೆ. ವಿಜಾತಿ ಪದಗಳನ್ನು ಹೀಗೆ ಕೂಡಿಸುವುದು ಬೀಜಗಣಿತದ ಬಲು ಹಳೆಯ ತೊಡಕು. 9x ಆಯ್ಕೆಗಳಲ್ಲಿ ಇಲ್ಲದಿದ್ದರೆ ಅಂಥ ಮಗು ಒಂದು ಹೆಜ್ಜೆ ಹಿಂದೆ ಬಂದು ಸರಿ ಉತ್ತರವನ್ನೇ ಗುರುತು ಮಾಡುತ್ತದೆ, ತಪ್ಪು ಕಲ್ಪನೆ ಒಳಗೇ ಉಳಿಯುತ್ತದೆ. ಅದಕ್ಕೆ 3x + 4 ಅನ್ನು ಇನ್ನಷ್ಟು ಸರಳೀಕರಿಸಬಹುದೇ ಎಂಬಂಥ ಬೇರೆಯೇ ಪ್ರಶ್ನೆ ಬೇಕು. ಅಲ್ಲಿ 7x ಒಂದು ಆಯ್ಕೆಯಾಗಿರಬೇಕು. ಒಂದೇ ಪ್ರಶ್ನೆಯಲ್ಲಿ ಎಲ್ಲವನ್ನೂ ಹಿಡಿಯಲು ಹೊರಟರೆ ಯಾವುದೂ ಸ್ಪಷ್ಟವಾಗಿ ಸಿಗುವುದಿಲ್ಲ. 'ಮೇಲಿನ ಯಾವುದೂ ಅಲ್ಲ' ಎಂಬ ಆಯ್ಕೆ ಇಂಥ ಪ್ರಶ್ನೆಗೆ ಹೊಂದುವುದಿಲ್ಲ, ಅದನ್ನು ಆರಿಸಿದ ಮಗು ಏನು ಯೋಚಿಸಿತು ಎಂಬುದು ಗೊತ್ತಾಗದು.

ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಗುರುತಿಸುವವರೂ ಇರುತ್ತಾರೆ, ಅವಸರದಲ್ಲಿ ಚಿಹ್ನೆ ತಪ್ಪಿಸಿದವರೂ ಇರುತ್ತಾರೆ. ಆದ್ದರಿಂದ ಒಂದು ಉತ್ತರ ಅನುಮಾನವನ್ನಷ್ಟೇ ಹುಟ್ಟಿಸುತ್ತದೆ. −1 − 2x ಎಂದು ಗುರುತಿಸಿದ ಮಗು 8 − 3(x − 2) ಎಂಬ ಲೆಕ್ಕದಲ್ಲಿ 14 − 3x ಬಿಟ್ಟು 2 − 3x ಅನ್ನೇ ಮತ್ತೆ ಆರಿಸಿದರೆ ಆ ಅನುಮಾನ ಗಟ್ಟಿಯಾಗುತ್ತದೆ. ಆಗಲೂ ಶಿಕ್ಷಕರು ಮಗುವನ್ನು ಹತ್ತಿರ ಕರೆದು ಆ ಉತ್ತರ ಹೇಗೆ ಬಂತು ಎಂದು ಕೇಳಿಯೇ ಮುಂದಿನ ಪಾಠ ನಿರ್ಧರಿಸಬೇಕು.