ತಮ್ಮನ ಕೈಯಲ್ಲಿ ಕಾರ್ಡು, ಅಣ್ಣನ ಹೆಸರಲ್ಲಿ ಸಾಲ

2013ರ ನವೆಂಬರ್‌ನಲ್ಲಿ ಬೆಂಗಳೂರಿನ ಮಾರತ್ತಹಳ್ಳಿಯ ಮಹಿಳೆಯೊಬ್ಬರು ತಮ್ಮ ಎಸ್‌ಬಿಐ ಡೆಬಿಟ್ ಕಾರ್ಡನ್ನೂ ಪಿನ್ನನ್ನೂ ಗಂಡನಿಗೆ ಕೊಟ್ಟು, 25,000 ರೂಪಾಯಿ ತರಲು ಎಟಿಎಂಗೆ ಕಳಿಸಿದರು. ಆಗ ಅವರು ಹೆರಿಗೆ ರಜೆಯಲ್ಲಿದ್ದರು. ಯಂತ್ರದಿಂದ ಚೀಟಿ ಬಂತು, ದುಡ್ಡು ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಡಿತವಾಯಿತು. ದೂರು ಬೆಂಗಳೂರಿನ ಗ್ರಾಹಕರ ವೇದಿಕೆಗೆ ಹೋಗಿ, 2018ರ ಮೇ ತಿಂಗಳಲ್ಲಿ ತೀರ್ಪು ಬಂದಾಗ ಅದು ಬ್ಯಾಂಕಿನ ಪರವಾಗಿತ್ತು. ಕಾರ್ಡನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ, ಪಿನ್ ಹೇಳುವಂತಿಲ್ಲ. ಸ್ವಂತ ಹೆಸರಿನ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಟ್ಟು ಕಳಿಸಬೇಕಿತ್ತು ಎಂಬುದು ಅದರ ತಾತ್ಪರ್ಯ. ಗಂಡ ಹೆಂಡತಿ ಎಂಬ ಸಂಬಂಧ ಬ್ಯಾಂಕಿನ ಲೆಕ್ಕದಲ್ಲಿ ಏನೂ ಅಲ್ಲ ಎಂದು ಪತ್ರಿಕೆ ಓದಿದ ಅನೇಕರಿಗೆ ಅಂದೇ ಗೊತ್ತಾದದ್ದು.

ಕ್ರೆಡಿಟ್ ಕಾರ್ಡಿನಲ್ಲಿ ಈ ತೊಡಕಿಗೆ ಒಂದು ದಾರಿಯಿದೆ. ಅದೇ ಆಡ್-ಆನ್ ಕಾರ್ಡು: ನಿಮ್ಮ ಖಾತೆಯ ಮೇಲೆಯೇ ಮನೆಯವರ ಹೆಸರಿನಲ್ಲಿ, ಬೇರೆ ಸಂಖ್ಯೆ ಮತ್ತು ಬೇರೆ ಪಿನ್ನಿನೊಂದಿಗೆ ಕೊಡುವ ಇನ್ನೊಂದು ಕಾರ್ಡು. ಅವರು ಬಳಸಿದರೆ ನಿಯಮ ಮುರಿದಂತಾಗುವುದಿಲ್ಲ. ಆದರೆ ಬಳಸುವ ಹಕ್ಕು ಅವರಿಗೆ ಹೋಗುತ್ತದೆಯೇ ಹೊರತು ಸಾಲ ಅವರ ಕಡೆಗೆ ಹೋಗುವುದಿಲ್ಲ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಹೊರಡಿಸಿದ ಕಾರ್ಡು ನಿರ್ದೇಶನಗಳಲ್ಲಿ ಇದು ಸ್ಪಷ್ಟವಾಗಿಯೇ ಇತ್ತು: ಮೂಲ ಕಾರ್ಡುದಾರ ಗುರುತಿಸಿದವರಿಗಷ್ಟೇ ಆಡ್-ಆನ್ ಕಾರ್ಡು, ಹೊಣೆ ಮಾತ್ರ ಮೂಲ ಕಾರ್ಡುದಾರನದೇ.

ಈ ಮಾತು ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಂಥ ಕಡೆ ಹೇಗೆ ತಾಗುತ್ತದೆ ಎಂದು ನೋಡಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಣ್ಣ ವೈಟ್‌ಫೀಲ್ಡಿನ ಕಂಪನಿಯೊಂದರ ನೌಕರ, ತಮ್ಮ ಊರಲ್ಲಿ ತೋಟ ನೋಡಿಕೊಳ್ಳುತ್ತಾನೆ. ಅಣ್ಣನ ಕಾರ್ಡಿನ ಮಿತಿ ಎರಡು ಲಕ್ಷ. ಹೊಸಕೋಟೆಗೆ ಹೋಗಿ ಗೊಬ್ಬರ, ಹನಿ ನೀರಾವರಿ ಪೈಪು ತರಲು ತಮ್ಮನಿಗೆ ಪ್ರತಿಸಲವೂ ದುಡ್ಡು ಕಳಿಸುವ ತಲೆನೋವು ಬೇಡವೆಂದು ಅಣ್ಣ ಆಡ್-ಆನ್ ಕಾರ್ಡಿಗೆ ಅರ್ಜಿ ಹಾಕುತ್ತಾನೆ. ತಮ್ಮನ ಹೆಸರು, ಹುಟ್ಟಿದ ದಿನಾಂಕ, ಸಂಬಂಧ, ಗುರುತಿನ ದಾಖಲೆ ಕೊಟ್ಟರೆ ಸಾಕು. ತಮ್ಮನ ಆದಾಯದ ಪುರಾವೆಯನ್ನು ಬ್ಯಾಂಕು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಯಾಕೆ ಕೇಳುವುದಿಲ್ಲ ಎಂಬುದನ್ನು ಯೋಚಿಸಿದರೆ ಇಡೀ ವ್ಯವಹಾರ ಅರ್ಥವಾಗುತ್ತದೆ. ಬ್ಯಾಂಕು ನೆಚ್ಚಿಕೊಂಡಿರುವುದು ಅಣ್ಣನ ಸಂಬಳವನ್ನು.

ಅರ್ಜಿಯಲ್ಲಿ ಇನ್ನೊಂದು ಖಾನೆ ಇರುತ್ತದೆ, ಜನ ಹೆಚ್ಚಾಗಿ ಖಾಲಿ ಬಿಡುವುದು ಅದನ್ನೇ: ಆಡ್-ಆನ್ ಕಾರ್ಡಿಗೆ ಪ್ರತ್ಯೇಕ ಮಿತಿ ಎಷ್ಟು? ಖಾಲಿ ಬಿಟ್ಟರೆ ಸಾಮಾನ್ಯವಾಗಿ ತಮ್ಮನಿಗೂ ಇಡೀ ಎರಡು ಲಕ್ಷ ತೆರೆದಿರುತ್ತದೆ. ಹಾಗೆಂದು ಇಬ್ಬರಿಗೂ ಎರಡೆರಡು ಲಕ್ಷವಲ್ಲ, ಇರುವ ಒಂದೇ ಮಿತಿಯನ್ನು ಇಬ್ಬರೂ ಕರಗಿಸುತ್ತಾರೆ. ಇದಕ್ಕೆ ಒಟ್ಟು ಕುಟುಂಬದ ಕಣಜವೇ ಸರಿಯಾದ ಹೋಲಿಕೆ.

ಈಗ ಲೆಕ್ಕ. ತಮ್ಮ ಒಂದು ತಿಂಗಳು ಪಂಪ್‌ಸೆಟ್ ಮತ್ತು ಪೈಪಿಗೆ 85,000 ರೂಪಾಯಿ ಉಜ್ಜಿದ. ಅಣ್ಣನ ಸ್ವಂತ ಖರ್ಚು 20,000. ಸ್ಟೇಟ್‌ಮೆಂಟಿನಲ್ಲಿ ಬಾಕಿ 1,05,000. ಬೆಳೆ ಮಾರಿ ಕೊಡುತ್ತೇನೆ ಎಂದು ತಮ್ಮ ಹೇಳಿದ್ದಾನೆ, ಬೆಳೆಗೆ ಇನ್ನೂ ತಿಂಗಳಿದೆ. ಅಣ್ಣ ಕೈಲಿದ್ದ 40,000 ಕಟ್ಟುತ್ತಾನೆ. ಉಳಿದ 65,000ಕ್ಕೆ ತಿಂಗಳಿಗೆ ಶೇ 3.5ರ ದರ ಹಿಡಿದರೆ ಬಡ್ಡಿ 2,275 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಸೇರಿ ಹತ್ತಿರಹತ್ತಿರ 2,685. ವಾಸ್ತವದಲ್ಲಿ ಮೊತ್ತ ಇನ್ನೂ ಹೆಚ್ಚಿರುತ್ತದೆ, ಏಕೆಂದರೆ ಬಡ್ಡಿಯ ಎಣಿಕೆ ಶುರುವಾಗುವುದು ಗಡುವಿನ ದಿನದಿಂದಲ್ಲ, ಖರೀದಿಸಿದ ದಿನದಿಂದ. ಜೊತೆಗೆ ಬಾಕಿ ಪೂರ್ತಿ ತೀರುವವರೆಗೆ ಬಡ್ಡಿಯಿಲ್ಲದ ದಿನಗಳ ಸವಲತ್ತೂ ಹೋಗಿಬಿಡುತ್ತದೆ. ಮುಂದಿನ ತಿಂಗಳು ಅಣ್ಣ ತನ್ನ ಮನೆಗೆ ತರುವ ದಿನಸಿಗೂ ಮೊದಲ ದಿನದಿಂದಲೇ ಬಡ್ಡಿ. ಇಲ್ಲಿ ತಮ್ಮ ಕೆಟ್ಟವನಲ್ಲ ಎಂಬುದನ್ನು ಗಮನಿಸಿ; ಬೆಳೆಯ ಕಾಲಕ್ಕೂ ಕಾರ್ಡಿನ ಗಡುವಿಗೂ ಹೊಂದಾಣಿಕೆ ಇಲ್ಲ, ಅಷ್ಟೇ.

ಕನಿಷ್ಠ ಮೊತ್ತವನ್ನೂ ಕಟ್ಟದೆ ಗಡುವು ಮೀರಿ ಮೂರು ದಿನ ದಾಟಿದರೆ ಬ್ಯಾಂಕು ದಂಡ ಹಾಕಬಹುದು, ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗೂ ವರದಿ ಮಾಡಬಹುದು. ಕುಂದುವುದು ಅಣ್ಣನ ಅಂಕ. ಮುಂದೆ ಮನೆ ಸಾಲಕ್ಕೆ ಹೋದಾಗ "ಅದು ನನ್ನ ತಮ್ಮ ಮಾಡಿದ ಖರ್ಚು ಸಾರ್" ಎಂದರೆ ಮ್ಯಾನೇಜರ್ ಕೇಳಿಸಿಕೊಂಡಾರು, ಅಂಕ ಮಾತ್ರ ಏರುವುದಿಲ್ಲ. ಹೇಳದೆ ಖರ್ಚು ಮಾಡಿದ ಎಂದು ವಂಚನೆಯ ದೂರು ಕೊಡಲೂ ಆಗದು. ಬಳಸಲು ಅನುಮತಿ ಕೊಟ್ಟವನು ಅಣ್ಣನೇ ಆದ್ದರಿಂದ ಬ್ಯಾಂಕಿನ ಪಾಲಿಗೆ ಅದು ಅನಧಿಕೃತ ವ್ಯವಹಾರವಲ್ಲ. ತಮ್ಮನಿಂದ ವಸೂಲಿ ಮಾಡುವುದು ಮನೆಯೊಳಗಿನ ಮಾತು. ಅದಕ್ಕೆ ಬೇಕಾದ ಆಧಾರ ಹೆಚ್ಚಿನ ಸ್ಟೇಟ್‌ಮೆಂಟುಗಳಲ್ಲೇ ಸಿಗುತ್ತದೆ, ಆಡ್-ಆನ್ ಕಾರ್ಡಿನ ಖರ್ಚನ್ನು ಅದರ ಸಂಖ್ಯೆಯಡಿ ಬೇರೆಯಾಗಿ ತೋರಿಸಿರುತ್ತಾರೆ. ಕೆಲವು ಬ್ಯಾಂಕುಗಳ ಒಪ್ಪಂದದಲ್ಲಿ ಆಡ್-ಆನ್ ಪಡೆದವರನ್ನೂ ಜಂಟಿ ಹೊಣೆಗಾರರನ್ನಾಗಿಸುವ ಸಾಲು ಸೇರಿರುತ್ತದೆ. ಅದು ಬ್ಯಾಂಕಿಗೆ ಎರಡನೇ ಬಾಗಿಲು. ಅಣ್ಣನಿಗೆ ಅದರಿಂದ ಬಿಡುಗಡೆಯಿಲ್ಲ.

ನಿಜವಾದ ವಂಚನೆಯಾದರೆ ಲೆಕ್ಕ ಬೇರೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ಹೊರಗೆಲ್ಲೋ ಆಗಿದ್ದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆ ಸೊನ್ನೆ. ಗ್ರಾಹಕರ ಅಜಾಗರೂಕತೆಯಿಂದ ಆಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದು. ತಮ್ಮ ಯಾರಿಗೋ ಒಟಿಪಿ ಹೇಳಿಬಿಟ್ಟರೂ ನಷ್ಟ ಬಂದು ಬೀಳುವುದು ಅಣ್ಣನ ಖಾತೆಗೇ. ಕಾರ್ಡು ಕಳೆದುಹೋದಾಗಲೂ ಎಚ್ಚರ ಬೇಕು: 2021ರ ಜನವರಿಯಿಂದ 5,000 ರೂಪಾಯಿವರೆಗಿನ ಪಾವತಿಗೆ ಯಂತ್ರಕ್ಕೆ ಕಾರ್ಡು ಸೋಕಿಸಿದರೆ ಸಾಕು, ಪಿನ್ನೂ ಬೇಡ.

ಹಾಗಾಗಿ ಕಾರ್ಡು ಬಂದ ದಿನವೇ ಬ್ಯಾಂಕಿನ ಆ್ಯಪ್ ತೆರೆದು ಆಡ್-ಆನ್ ಕಾರ್ಡಿಗೆ ಕಡಿವಾಣ ಹಾಕಬೇಕು. ಆನ್‌ಲೈನ್, ವಿದೇಶಿ, ಸೋಕಿಸುವ ಪಾವತಿ ಇವುಗಳನ್ನು ಬೇರೆ ಬೇರೆಯಾಗಿ ಮುಚ್ಚುವ, ಮಿತಿ ಕಟ್ಟುವ ಸೌಲಭ್ಯವನ್ನು 2020ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡಲೇಬೇಕಾಗಿದೆ. ಗೊಬ್ಬರದ ಅಂಗಡಿಗೆ ಮಾತ್ರ ಬೇಕಾದ ಕಾರ್ಡಿಗೆ ಆನ್‌ಲೈನ್ ಯಾಕೆ? ಎರಡು ಲಕ್ಷದ ಬದಲು 30,000ದ ಮಿತಿ ಕಟ್ಟಿದ್ದರೆ ಮೇಲಿನ ಉದಾಹರಣೆಯೇ ಹುಟ್ಟುತ್ತಿರಲಿಲ್ಲ. ಪಂಪ್‌ಸೆಟ್‌ಗಾಗಿ ತಮ್ಮ ಮೊದಲು ಫೋನ್ ಮಾಡುತ್ತಿದ್ದ.

ಬೇರೆಯಾಗುವ ಸಂದರ್ಭ ಬಂದರೆ, ಅದು ಪಾಲಾಗಲಿ ವಿಚ್ಛೇದನವಾಗಲಿ, ಕಾರ್ಡನ್ನು ವಾಪಸ್ ಇಸಿದುಕೊಂಡು ಬೀರುವಿನಲ್ಲಿಡುವುದು ಸಾಲದು. ಆ ಕಾರ್ಡಿಗೆ ಒಪ್ಪಿಗೆ ಕೊಟ್ಟ ಚಂದಾಗಳು, 15,000 ರೂಪಾಯಿವರೆಗಿನವು, ಒಟಿಪಿ ಇಲ್ಲದೆ ತಿಂಗಳು ತಿಂಗಳು ಕಡಿತವಾಗುತ್ತಲೇ ಇರುತ್ತವೆ. ಆಡ್-ಆನ್ ಕಾರ್ಡನ್ನು ಮುಚ್ಚಲು ಬ್ಯಾಂಕಿಗೆ ಲಿಖಿತವಾಗಿ ಕೇಳಿ, ಕೋರಿಕೆಯ ಸಂಖ್ಯೆ ಇಟ್ಟುಕೊಳ್ಳಬೇಕು. ಮೂಲ ಕಾರ್ಡುದಾರ ತೀರಿಕೊಂಡರೆ ಆಡ್-ಆನ್ ಕಾರ್ಡಿಗೂ ಆಧಾರವಿಲ್ಲ. ಅವರು ಬಿಟ್ಟುಹೋದ ಬಾಕಿಗೆ ವಾರಸುದಾರರು ಬಂದ ಆಸ್ತಿಯ ಮಟ್ಟಿಗಷ್ಟೇ ಹೊಣೆ. ಸಾವಿನ ನಂತರ ಅದೇ ಕಾರ್ಡಿನಿಂದ ತಿಥಿಯ ಖರ್ಚು ಮಾಡಿದರೆ ಮಾತ್ರ ಉಜ್ಜಿದವರೇ ಉತ್ತರ ಹೇಳಬೇಕಾದೀತು.

ಊರಲ್ಲಿರುವ ಅಪ್ಪ ಅಮ್ಮನಿಗೆ ಔಷಧಿ, ಹಾಲು, ಬಸ್ ಚಾರ್ಜಿಗಾಗಿ ಮಾತ್ರ ಕಾರ್ಡು ಬೇಕೆಂದಿದ್ದರೆ, 2024ರಲ್ಲಿ ಬಂದ ಯುಪಿಐ ಸರ್ಕಲ್ ಸಾಕಾಗಬಹುದು. ಮಗನ ಖಾತೆಯಿಂದಲೇ ಅವರು ತಮ್ಮ ಫೋನಿನಲ್ಲಿ ಪಾವತಿಸುತ್ತಾರೆ. ಪೂರ್ಣ ಅನುಮತಿ ಕೊಟ್ಟರೂ ತಿಂಗಳಿಗೆ ಹೆಚ್ಚೆಂದರೆ 15,000, ಒಮ್ಮೆಗೆ 5,000. ಅಲ್ಲಿ ಹೋಗುವುದು ಖಾತೆಯಲ್ಲಿರುವ ದುಡ್ಡು, ಬಡ್ಡಿಯ ಪ್ರಶ್ನೆಯೇ ಏಳುವುದಿಲ್ಲ.