ಕಟ್ಟಿದ್ದು 4ಕ್ಕೆ, ಜಮೆಯಾದದ್ದು 9ಕ್ಕೆ

ಕ್ರೆಡಿಟ್ ಕಾರ್ಡಿನ ಬಿಲ್ಲು 18,640 ರೂಪಾಯಿ, ಕಟ್ಟಲು ಕೊನೆಯ ದಿನ 5ನೇ ತಾರೀಕು ಎಂದಿಟ್ಟುಕೊಳ್ಳೋಣ. ಕಾರ್ಡುದಾರರು 4ರ ಸಂಜೆ 7.10ಕ್ಕೆ ಬೇರೊಂದು ಬ್ಯಾಂಕಿನ ತಮ್ಮ ಉಳಿತಾಯ ಖಾತೆಯಿಂದ ನೆಫ್ಟ್ ಮೂಲಕ ಪೂರ್ತಿ ಹಣ ಕಳಿಸಿದರು. ಖಾತೆಯಿಂದ ಹಣ ಹೋದ ಮೆಸೇಜೂ ಬಂತು. ಆದರೆ ಕಾರ್ಡಿಗೆ ಅದು ಜಮೆಯಾದದ್ದು 9ಕ್ಕೆ. ಮುಂದಿನ ಬಿಲ್ಲಿನಲ್ಲಿ 750 ರೂಪಾಯಿ ಲೇಟ್ ಫೀ, ಅದರ ಮೇಲೆ ಶೇ. 18ರಂತೆ 135 ರೂಪಾಯಿ ಜಿಎಸ್‌ಟಿ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಗ್ರಾಹಕ ಸೇವೆಗೆ ಫೋನ್ ಮಾಡಿ, ಲೇಟ್ ಫೀ ಮನ್ನಾ ಮಾಡಿ ಎಂದು ಕೇಳಿಕೊಳ್ಳುತ್ತಾರೆ. ಮನ್ನಾ ಕೇಳುವುದೆಂದರೆ ತಪ್ಪು ನಮ್ಮದೇ ಎಂದು ಒಪ್ಪಿಕೊಂಡಂತೆ. ಇಲ್ಲಿ ಕೇಳಬೇಕಾದದ್ದು ದಾಖಲೆಯಲ್ಲಿರುವ ತಾರೀಕನ್ನು ಸರಿಪಡಿಸಿ ಎಂದು.

ಪತ್ರ ಬರೆಯುವ ಮುನ್ನ ಹಣ ಎಲ್ಲಿ ನಿಂತಿತ್ತು ಎಂಬುದು ಗೊತ್ತಾಗಬೇಕು. 2019ರ ಡಿಸೆಂಬರಿನಿಂದ ನೆಫ್ಟ್ ರಜೆಯಿಲ್ಲದೆ ದಿನವಿಡೀ ನಡೆಯುತ್ತಿದೆ, ಅರ್ಧ ಗಂಟೆಗೊಂದು ಕಂತಿನಲ್ಲಿ ಹಣ ಬ್ಯಾಂಕುಗಳ ನಡುವೆ ದಾಟುತ್ತದೆ. ಆ ಕಂತು ಮುಗಿದ ಎರಡು ಗಂಟೆಯೊಳಗೆ ಹಣ ಪಡೆದ ಬ್ಯಾಂಕು ಅದನ್ನು ಜಮೆ ಮಾಡಬೇಕು, ಆಗದಿದ್ದರೆ ಹಿಂದಿರುಗಿಸಬೇಕು. 7.30ರ ಕಂತಿನಲ್ಲಿ ಹೋದ ಹಣ ಅದೇ ರಾತ್ರಿ 9.30ರೊಳಗೆ ಕಾರ್ಡಿಗೆ ಸೇರಬೇಕಿತ್ತು.

ಪ್ರತಿ ನೆಫ್ಟ್ ಪಾವತಿಗೂ ಯುಟಿಆರ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ನಿಮ್ಮ ಬ್ಯಾಂಕಿಗೆ ಕೊಟ್ಟು, ಹಣ ಯಾವ ಕಂತಿನಲ್ಲಿ ಹೋಯಿತು, ಹಿಂದಿರುಗಿ ಬಂದಿತೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ನಿಮ್ಮ ಬ್ಯಾಂಕೇ ತಡವಾಗಿ ಕಳಿಸಿದ್ದರೆ ದೂರು ಅಲ್ಲಿಗೇ ಹೋಗಬೇಕು. ಪಾವತಿ ಆ್ಯಪ್‌ನಲ್ಲಿ ಹಣ ತಡೆದಿದ್ದರೆ ಆ್ಯಪ್‌ನವರಿಗೆ. ಕಾರ್ಡ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೆ ಈ ವಾದವೇ ನಿಲ್ಲುವುದಿಲ್ಲ.

ಕಾರ್ಡ್ ಬ್ಯಾಂಕು ಒಂದು ಉತ್ತರ ಕೊಡಬಹುದು. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ಲೇಟ್ ಫೀ ಹಾಕಬಹುದು. 5ರಿಂದ 9ಕ್ಕೆ ನಾಲ್ಕು ದಿನವಾಯಿತಲ್ಲ, ನಾವು ಹಾಕಿದ್ದು ಸರಿ ಎನ್ನಬಹುದು. 9 ಎಂಬ ತಾರೀಕೇ ಅವರು ಮಾಡಿದ ವಿಳಂಬದಿಂದ ಬಂದದ್ದು ಎಂಬುದೇ ಇದಕ್ಕೆ ಮರುಮಾತು.

ಬಹಳ ಜನ ಗಮನಿಸದ ಹೊಡೆತ ಬಡ್ಡಿಯದು. ಬಿಲ್ಲು ಸಮಯಕ್ಕೆ ಪೂರ್ತಿ ಸಂದಾಯವಾಗಲಿಲ್ಲ ಎಂದು ಲೆಕ್ಕವಾದರೆ ಖರೀದಿಸಿದ ದಿನದಿಂದಲೇ ಬಡ್ಡಿ ಬೀಳುತ್ತದೆ. ತಿಂಗಳಿಗೆ ಶೇ. 3.6 ಎಂದರೆ 18,640ಕ್ಕೆ ದಿನಕ್ಕೆ ಸುಮಾರು 22 ರೂಪಾಯಿ. ಸರಾಸರಿ 35 ದಿನಕ್ಕೆ 772, ಅದರ ಜಿಎಸ್‌ಟಿ 139. ಲೇಟ್ ಫೀ ಜಿಎಸ್‌ಟಿ ಸೇರಿ 885 ಆದರೆ ಬಡ್ಡಿಯದು 911. ಲೇಟ್ ಫೀ ಒಂದನ್ನೇ ಕೇಳಿದವರು ಅರ್ಧಕ್ಕಿಂತ ಹೆಚ್ಚು ಹಣವನ್ನು ಅಲ್ಲೇ ಬಿಟ್ಟಂತೆ.

ಬ್ಯಾಂಕಿನ ಕುಂದುಕೊರತೆ ಪರಿಹಾರ ಅಧಿಕಾರಿಗೆ ಪತ್ರ ಹೀಗಿರಲಿ:

“ಮಾನ್ಯರೇ,

ವಿಷಯ: 4ರಂದು ಸಂದ ಹಣ ತಡವಾಗಿ ಜಮೆಯಾದ ಬಗ್ಗೆ. ಕಾರ್ಡಿನ ಕೊನೆಯ ನಾಲ್ಕು ಅಂಕಿ: …

ನನ್ನ ಬಿಲ್ಲಿನ 18,640 ರೂಪಾಯಿಯನ್ನು ಕೊನೆಯ ದಿನವಾದ 5ಕ್ಕೆ ಮೊದಲೇ, 4ರ ಸಂಜೆ 7.10ಕ್ಕೆ, ನೆಫ್ಟ್ ಮೂಲಕ ಪಾವತಿಸಿದ್ದೇನೆ. ಯುಟಿಆರ್ ಸಂಖ್ಯೆ: … ಹಣ ಅದೇ ಸಂಜೆ ನಿಮ್ಮ ಬ್ಯಾಂಕಿಗೆ ತಲುಪಿದ್ದನ್ನು ನನ್ನ ಬ್ಯಾಂಕು ದೃಢಪಡಿಸಿದೆ. ಪತ್ರ ಲಗತ್ತಿಸಿದೆ. ನೀವು ಅದನ್ನು 9ರಂದು ಜಮೆ ಮಾಡಿದ್ದೀರಿ.

ಆದ್ದರಿಂದ ಪಾವತಿಯ ದಿನವನ್ನು 4 ಎಂದು ತಿದ್ದಬೇಕು. ಲೇಟ್ ಫೀ, ಬಡ್ಡಿ, ಇವುಗಳ ಮೇಲಿನ ಜಿಎಸ್‌ಟಿ ಸೇರಿ 1,796 ರೂಪಾಯಿ ವಾಪಸು ಜಮೆ ಮಾಡಬೇಕು. ಹೊಸ ಖರೀದಿಗಳ ಬಡ್ಡಿರಹಿತ ಅವಧಿಯನ್ನು ಮರಳಿ ಕೊಡಬೇಕು. ಸಿಬಿಲ್ ಮುಂತಾದ ಸಂಸ್ಥೆಗಳಿಗೆ ಬಾಕಿ ಎಂದು ವರದಿ ಹೋಗಿದ್ದರೆ ಅದನ್ನು ಸರಿಪಡಿಸಬೇಕು. ನಿಮ್ಮ ನಿಲುವು ಬೇರೆಯಾದರೆ ಹಣ ನಿಮಗೆ ತಲುಪಿದ ಸಮಯದ ದಾಖಲೆ ಕೊಡಬೇಕು.”

ಪೂರ್ತಿ ಕಾರ್ಡ್ ಸಂಖ್ಯೆ, ಸಿವಿವಿ, ಪಿನ್ ಎಲ್ಲೂ ಬರೆಯಬೇಡಿ. ಇ–ಮೇಲ್‌ನಲ್ಲಿ ಕಳಿಸಿ, ದೂರಿನ ಸಂಖ್ಯೆ ಪಡೆದಿಟ್ಟುಕೊಳ್ಳಿ. ತಗಾದೆ ಇದೆಯೆಂದು ಮುಂದಿನ ಬಿಲ್ಲನ್ನು ಕಟ್ಟದೆ ಬಿಟ್ಟರೆ ಹೊಸ ಲೇಟ್ ಫೀಗೆ ನೀವೇ ದಾರಿ ಮಾಡಿಕೊಟ್ಟಂತೆ. ಅದನ್ನು ಕಟ್ಟಿ, ‘ನನ್ನ ಆಕ್ಷೇಪ ಉಳಿಸಿಕೊಂಡು ಕಟ್ಟಿದ್ದೇನೆ’ ಎಂದು ತಿಳಿಸಿ.

30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಡದೆ ಅಲ್ಲಿಗೆ ಹೋದರೆ ಅರ್ಜಿ ನಿಲ್ಲುವುದಿಲ್ಲ. ಹಾಗಾಗಿ ಫೋನಿನಲ್ಲಿ ಎಷ್ಟೇ ಭರವಸೆ ಕೊಟ್ಟರೂ ಪತ್ರವನ್ನು ಕಳಿಸಿಯೇ ಬಿಡಿ.