ನುಣುಪು ನೆಲ, ಕುಣಿವ ಕಾಲು

ಹಿಂದಿನ ಮನೆಗಳಲ್ಲಿ ಹಾಸುತ್ತಿದ್ದ ಶಹಾಬಾದ ಫರಸಿಗೂ ಈಗಿನ ಹೊಳೆಯುವ ಟೈಲ್ಸಿಗೂ ನೋಟದಲ್ಲಿರುವಷ್ಟೇ ಅಂತರವು ಕಾಲಿಗೆ ತಾಗುವ ಗುಣದಲ್ಲಿಯೂ ಉಂಟು. ವಿಜಯಪುರದ ಸೊಲ್ಲಾಪುರ ರಸ್ತೆಯ ಕಡೆಯ ಹೊಸ ಮನೆಗಳಲ್ಲಿ ನಡುಮನೆಯ ನೆಲವೆಂದರೆ ಬಹುಮಟ್ಟಿಗೆ ಈ ಟೈಲ್ಸೇ. ಶಾಲೆಯ ಸ್ನೇಹ ಸಮ್ಮೇಳನ ಹತ್ತಿರವಾದಂತೆ ಮಕ್ಕಳು ಚಲನಚಿತ್ರದ ಹಾಡುಗಳಿಗೆ ಕುಣಿಯಲು ಕಲಿಯುವುದೂ ಆ ನೆಲದ ಮೇಲೆಯೇ. ಆಗ ಕಾಲಿಗೆ ಏನನ್ನು ತೊಡಿಸಬೇಕೆಂಬ ಪ್ರಶ್ನೆಯನ್ನು ತಾಯ್ತಂದೆಗಳು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಓಟದ ಬೂಟು ಇದ್ದರೆ ಅದನ್ನು ತೊಡಿಸುತ್ತಾರೆ. ಇಲ್ಲವಾದರೆ ಕಾಲುಚೀಲವೇ ಸಾಕೆನ್ನುತ್ತಾರೆ. ಇವೆರಡೂ ಅಪಾಯದ ದಾರಿಗಳೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲೇ ಒಂದು ಮಾತು. ಭರತನಾಟ್ಯ, ಕಥಕ್ ಮೊದಲಾದ ನಮ್ಮ ನೃತ್ಯಗಳನ್ನು ಕಲಿಯುವವರು ಬರಿಗಾಲಿನಲ್ಲಿಯೇ ಅಭ್ಯಾಸ ಮಾಡತಕ್ಕದ್ದು. ಕಥಕ್ಕಿನ ಚಕ್ಕರುಗಳು ಬರಿಗಾಲಿನ ಹಿಮ್ಮಡಿಯ ಮೇಲೆ ನಡೆಯುವಂಥವು. ಅವಕ್ಕೆ ಪಾದರಕ್ಷೆ ಹೊಂದದು. ನಾವು ಹೇಳುತ್ತಿರುವುದು ಬೂಟು ತೊಟ್ಟು ಕುಣಿಯುವ, ಮುಂಗಾಲಿನ ಮೇಲೆ ತಿರುಗುವ, ನಡುನಡುವೆ ಜಿಗಿಯುವ ಕುಣಿತಗಳನ್ನು ಕುರಿತು.

ಈ ಕುಣಿತದಲ್ಲಿ ಕಾಲು ನೆಲದಿಂದ ಎರಡು ಪರಸ್ಪರ ವಿರುದ್ಧವಾದ ಉಪಕಾರಗಳನ್ನು ಬೇಡುತ್ತದೆ. ತಿರುಗುವಾಗ ನೆಲ ಬಿಟ್ಟುಕೊಡಬೇಕು. ಜಿಗಿದು ಇಳಿಯುವಾಗ ಹಿಡಿದುಕೊಳ್ಳಬೇಕು. ಓಟದ ಬೂಟಿನ ರಬ್ಬರು ಅಟ್ಟೆ ಸ್ವಚ್ಛವಾದ ಟೈಲ್ಸನ್ನು ಬಲವಾಗಿ ಕಚ್ಚುತ್ತದೆ. ದೇಹ ತಿರುಗಿದರೂ ಪಾದ ಅಲ್ಲಿಯೇ ನಿಲ್ಲುತ್ತದೆ. ನಡುವೆ ಸಿಕ್ಕಿಕೊಳ್ಳುವುದು ಮೊಣಕಾಲು. ಮಡಿಚುವುದಕ್ಕೂ ಚಾಚುವುದಕ್ಕೂ ಏರ್ಪಟ್ಟ ಆ ಕೀಲು ಹಿಂಡುವಿಕೆಯನ್ನು ಹೆಚ್ಚು ತಾಳದು. ಕಾಲುಚೀಲದ್ದು ಇದಕ್ಕೆ ತದ್ವಿರುದ್ಧ. ತಿರುಗುವುದು ಬಹು ಸುಲಭ; ಆದರೆ ಜಿಗಿದು ಇಳಿದಾಗ ಕಾಲುಗಳು ಬೇರೆಬೇರೆ ದಿಕ್ಕಿಗೆ ಜಾರಿ, ತೊಡೆಸಂದಿನ ಸ್ನಾಯು ಸೆಳೆಯಬಹುದು, ಇಲ್ಲವೇ ಮಗು ಊರಿದ ಮುಂಗೈಯೇ ಮುರಿಯಬಹುದು.

ಯಾವ ಬೂಟು ಎಷ್ಟು ಹಿಡಿಯುತ್ತದೆಂಬುದನ್ನು ಮನೆಯಲ್ಲಿಯೇ ಅಳೆಯಬಹುದು. ಮನೆ ಕಟ್ಟಿದಾಗ ಉಳಿದ ಎರಡಡಿಯ ಟೈಲ್ಸೊಂದು ಬೇಕು. ಬೂಟಿನೊಳಗೆ ಅರ್ಧ ಕಿಲೋ ತೊಗರಿಬೇಳೆಯ ಚೀಲವನ್ನಿಟ್ಟು, ಅದನ್ನು ಟೈಲ್ಸಿನ ಮೇಲೆ ಉದ್ದಕ್ಕೆ ನಿಲ್ಲಿಸಿ, ಟೈಲ್ಸಿನ ಒಂದು ಅಂಚನ್ನು ಮೆಲ್ಲಮೆಲ್ಲನೆ ಎತ್ತುತ್ತ ಹೋಗಬೇಕು. ಬೂಟು ಜಾರತೊಡಗಿದ ಕ್ಷಣದಲ್ಲಿ ಆ ಅಂಚು ನೆಲದಿಂದ ಎಷ್ಟು ಅಂಗುಲ ಮೇಲಿದೆಯೆಂದು ಅಳತೆಪಟ್ಟಿಯಿಂದ ನೋಡಬೇಕು. ಮೂರು ಸಲ ಅಳೆದು ನಡುವಿನ ಸಂಖ್ಯೆಯನ್ನು ತೆಗೆದುಕೊಳ್ಳುವುದು ಒಳ್ಳೆಯದು.

ಒಂದು ಉದಾಹರಣೆಯನ್ನು ನೋಡೋಣ. ಕಾಲುಚೀಲ 4 ಅಂಗುಲಕ್ಕೆ ಜಾರಿತೆನ್ನಿ. ಅದೇ ಟೈಲ್ಸಿನ ಮೇಲೆ ರಬ್ಬರಿನ ಬೂಟು 15 ಅಂಗುಲದವರೆಗೂ ಕದಲಲಿಲ್ಲ. ಲೆಕ್ಕ ಹಾಕಿದರೆ ಕಾಲುಚೀಲದ ಹಿಡಿತ ಭಾರದ ಆರನೆಯ ಒಂದು ಪಾಲಿನಷ್ಟು; ರಬ್ಬರಿನದು ಐದರಲ್ಲಿ ನಾಲ್ಕು ಪಾಲು. ತಿರುಗುವುದಕ್ಕೂ ಇಳಿಯುವುದಕ್ಕೂ ಒದಗಬೇಕಾದುದು ಇವೆರಡರ ನಡುವಿನದು, ಅಂದರೆ 8ರಿಂದ 10 ಅಂಗುಲದ ಆಸುಪಾಸಿನದು. ಇದು ಶಾಸನವಲ್ಲ, ಒಂದಕ್ಕೊಂದನ್ನು ಹೋಲಿಸಿ ನೋಡುವ ಗುರುತು ಮಾತ್ರ.

ಆ ನಡುವಿನ ಹಿಡಿತವನ್ನು ಕೊಡುವ ವಸ್ತು ಸ್ವೇಡ್, ಎಂದರೆ ಮಖಮಲ್ಲಿನಂತೆ ನವಿರಾದ ಎಳೆಗಳೆದ್ದ ತೊಗಲು. ಪಾಶ್ಚಾತ್ಯರು ಜೋಡಿಯಾಗಿ ಕುಣಿಯುವ ನೃತ್ಯಗಳ ಬೂಟುಗಳಿಗೆ ಇದೇ ಅಟ್ಟೆಯನ್ನು ಹಾಕುವುದು ರೂಢಿ. ಅಂಥ ಬೂಟನ್ನೇ ಕೊಳ್ಳಬೇಕೆಂದಿಲ್ಲ. ತೆಳುವಾದ, ಸುಲಭವಾಗಿ ಬಾಗುವ ಹಳೆಯ ಕ್ಯಾನ್ವಾಸ್ ಬೂಟನ್ನು ಹೀಗೆ ಮಾರ್ಪಡಿಸಬಹುದು. ಕಾಗದದ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಹರಡಿ, ಮಗು ಆ ಬೂಟನ್ನು ತೊಟ್ಟು, ಗೋಡೆಯನ್ನು ಹಿಡಿದುಕೊಂಡು, ಹಿಮ್ಮಡಿಯೆತ್ತಿ ಅದರ ಮೇಲೆ ನಿಲ್ಲಲಿ. ಅಟ್ಟೆಯಲ್ಲಿ ಬೆಳ್ಳಗಾದ ಜಾಗವೇ ತಿರುಗುವ ಜಾಗ. ಅಲ್ಲಿಯ ರಬ್ಬರಿನ ಗೀರುಗಳನ್ನು ಉಪ್ಪುಕಾಗದದಿಂದ ಉಜ್ಜಿ ಸಮಮಾಡಿ, ಅಷ್ಟಗಲದ ಸ್ವೇಡ್ ತುಂಡನ್ನು ನವಿರೆಳೆಗಳು ಹೊರಗಾಗುವಂತೆ ರಬ್ಬರಿನ ಅಂಟಿನಿಂದ ಕೂಡಿಸಿ, ಒಂದು ದಿನ ಭಾರದ ಕೆಳಗೆ ಇಡಬೇಕು. ಬೂಟು ದುರಸ್ತಿ ಮಾಡುವವರಿಗೆ ಇದು ಅರ್ಧ ಗಂಟೆಯ ಕೆಲಸ. ಹಿಮ್ಮಡಿಯ ರಬ್ಬರನ್ನು ಮುಟ್ಟಬಾರದು. ತಿರುಗುವಾಗ ಹಿಮ್ಮಡಿ ಮೇಲಿರುವುದರಿಂದ ಅದು ಅಡ್ಡಬಾರದು. ಇಳಿಯುವಾಗ ಮುಂಗಾಲಿನ ಹಿಂದೆಯೇ ನೆಲಕ್ಕೆ ತಾಗಿ ನಿಲ್ಲಿಸುವುದು ಅದೇ. ಒಂದೇ ಬೂಟಿನಲ್ಲಿ ಜಾರುವ ಭಾಗವೂ ಹಿಡಿಯುವ ಭಾಗವೂ ಹೀಗೆ ಒದಗುತ್ತವೆ.

ಬೂಟು ಕಾಲಿಗೆ ಬಿಗಿಯಾಗಿ ಕೂಡಬೇಕು. ಬೆಳೆಯುವ ಕಾಲೆಂದು ದೊಡ್ಡ ಬೂಟನ್ನು ಕೊಂಡರೆ ಪಾದವು ಬೂಟಿನೊಳಗೇ ಜಾರುತ್ತದೆ; ಆಗ ಅಟ್ಟೆಯ ಹಿಡಿತವನ್ನು ಅಳೆದುದೆಲ್ಲ ವ್ಯರ್ಥ.

ಸರಿಯಾಯಿತೋ ಇಲ್ಲವೋ ಎಂಬುದನ್ನು ಕಣ್ಣು ಕಿವಿಗಳಿಂದ ತಿಳಿಯಬಹುದು. ತಿರುಗುವಾಗ ಬೂಟು ಕಿರ್ರೆಂದರೆ, ಅಥವಾ ತಿರುಗಿ ನಿಂತಾಗ ಮೊಣಕಾಲು ಒಂದು ಕಡೆಗೂ ಹೆಬ್ಬೆರಳು ಅದಕ್ಕಿಂತ ಹಿಂದಕ್ಕೂ ನೋಡುತ್ತಿದ್ದರೆ ಹಿಡಿತ ಹೆಚ್ಚಾಗಿದೆ. ನಿಲ್ಲಬೇಕಾದ ಕಡೆಯನ್ನು ದಾಟಿ ಮಗು ಇನ್ನೂ ತಿರುಗಿದರೆ, ಇಳಿದಾಗ ಪಾದಗಳು ಅಗಲಕ್ಕೆ ಸರಿದರೆ ಜಾರಿಕೆ ಹೆಚ್ಚು. ಮೊಣಕಾಲು ಊದಿಕೊಂಡರೆ ಅಥವಾ ನೋವು ಮರುದಿನವೂ ಉಳಿದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಬೂಟು ಬದಲಿಸಿ ಮುಂದುವರಿಯುವ ಕಾಲ ಅದಲ್ಲ.

ಇನ್ನು ನೆಲದ ವಿಚಾರ. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಮುಂಜಾನೆ ಗುಡಿಸಿದ ನೆಲದ ಮೇಲೆ ಸಂಜೆಯ ಹೊತ್ತಿಗೆ ಧೂಳು ಕೂತಿರುತ್ತದೆ. ಅದರ ಕಣಗಳು ಅಟ್ಟೆಯ ಕೆಳಗೆ ಸಣ್ಣ ಉರುಳೆಗಳಂತೆ ಉರುಳಿ, ಕಚ್ಚುವ ರಬ್ಬರನ್ನೂ ಒಮ್ಮೆಲೇ ಜಾರಿಸುತ್ತವೆ. ಆದುದರಿಂದ ಅಭ್ಯಾಸಕ್ಕೆ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ, ನೆಲ ಪೂರ್ತಿ ಒಣಗಿದ ಮೇಲೆಯೇ ಕುಣಿಯಬೇಕು. ಜಾರಲೆಂದು ಕೇರಂ ಪುಡಿ ಚೆಲ್ಲುವುದು, ಹಿಡಿಯಲೆಂದು ರಾಳ ಹಚ್ಚುವುದು ಎರಡೂ ಬೇಡ. ಪುಡಿ ಎಲ್ಲ ಕಡೆ ಸಮನಾಗಿ ನಿಲ್ಲದು, ಕುಣಿತ ಮುಗಿದ ಮೇಲೆ ಮನೆಯ ಹಿರಿಯರ ಕಾಲನ್ನೂ ಜಾರಿಸೀತು. ರಾಳವನ್ನು ಮರದ ವೇದಿಕೆಯ ಮೇಲೆ ಬ್ಯಾಲೆ ನರ್ತಕರು ಬಳಸುವುದುಂಟು. ಟೈಲ್ಸಿನ ಮೇಲೆ ಅದು ಅಂಟಂಟಾದ ಕಲೆಯಾಗಿ ಉಳಿಯುತ್ತದೆ.

ಸ್ವೇಡ್ ಅಟ್ಟೆಯನ್ನು ತೊಟ್ಟು ಬೀದಿಗಿಳಿಯಬಾರದು, ಅದನ್ನು ನೀರಿಗೂ ತಾಗಿಸಬಾರದು. ದಿನಗಳೆದಂತೆ ಅದರ ಎಳೆಗಳು ಮಲಗಿ, ಮೈ ಕಪ್ಪಾಗಿ ಹೊಳೆಯತೊಡಗುತ್ತದೆ. ಆಗ ಜಾರಿಕೆಯೂ ಹೆಚ್ಚುತ್ತದೆ. ತಂತಿಯ ಬ್ರಷ್‌ನಿಂದ ಹಗುರಾಗಿ ಒಂದೇ ದಿಕ್ಕಿಗೆ ಉಜ್ಜಿದರೆ ಎಳೆಗಳು ಮತ್ತೆ ಏಳುತ್ತವೆ. ಉಜ್ಜಿದರೂ ಏಳದಿದ್ದರೆ ತುಂಡನ್ನು ಬದಲಿಸತಕ್ಕದ್ದು.

ಕಡೆಗೆ, ಬೂಟು ಮಾಡಲಾರದ ಕೆಲಸವೊಂದುಂಟು. ಟೈಲ್ಸಿನ ಕೆಳಗಿರುವುದು ಕಾಂಕ್ರೀಟು. ಅದು ಮರದ ನೆಲದಂತೆ ಬಾಗದು. ಜಿಗಿದು ಇಳಿದಾಗ ದೇಹದ ಭಾರದ ಹಲವು ಪಟ್ಟು ಬಲ ಕಾಲಿಗೆ ತಾಗುತ್ತದೆ. ಅಟ್ಟೆ ಅದರಲ್ಲಿ ಸ್ವಲ್ಪವನ್ನಷ್ಟೇ ತಡೆದೀತು. ಆದ್ದರಿಂದ ಮನೆಯಲ್ಲಿ ತಿರುಗುವುದನ್ನೂ ಹೆಜ್ಜೆಗಳನ್ನೂ ಕಲಿಯಲಿ. ನಿಂತಲ್ಲಿಯೇ ಜಿಗಿಯುವುದನ್ನು ಕೆಲವೇ ಸಲ, ಮೊಣಕಾಲು ಬಾಗಿಸಿ ಇಳಿಯುತ್ತ ಅಭ್ಯಸಿಸಲಿ. ಓಡಿಬಂದು ಹಾರುವ ನೆಗೆತಗಳನ್ನು ಮಾತ್ರ ಶಾಲೆಯ ಮರದ ವೇದಿಕೆಗೋ ಮೈದಾನದ ಮಣ್ಣಿಗೋ ಮೀಸಲಿಡುವುದು ಲೇಸು. ಮಣ್ಣಿನ ಮೇಲೆ ತೊಡಲು ಆ ರಬ್ಬರಿನ ಓಟದ ಬೂಟೇ ತಕ್ಕದ್ದು.